ಹನ್ನೆರಡು ಲಾರಿ, ಎರಡು ದಾರಿ

ಹುಬ್ಬಳ್ಳಿಯಲ್ಲಿ ಲೋಡಾದ ಲಾರಿ ಬೆಂಗಳೂರಿಗೆ ಹೊರಟರೆ ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೇಲೆ ಸುಮಾರು 410 ಕಿಲೋಮೀಟರ್ ಓಡಬೇಕು. ರಾಷ್ಟ್ರೀಯ ಹೆದ್ದಾರಿ 48, ಬಹುಪಾಲು ಬಯಲು. ಅದೇ ಲಾರಿ ಮಂಗಳೂರಿಗೆ ಹೊರಟರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು, ಅಂಕೋಲಾದಲ್ಲಿ ಕರಾವಳಿಯ ಹೆದ್ದಾರಿ 66 ಹಿಡಿದು ಕುಮಟಾ, ಭಟ್ಕಳ, ಕುಂದಾಪುರ, ಉಡುಪಿ ಹಾಯಬೇಕು. ದೂರ ಸುಮಾರು 365 ಕಿಲೋಮೀಟರ್. ಲೆಕ್ಕಕ್ಕೆ ಕಡಿಮೆ, ಆದರೆ ಘಟ್ಟದ ತಿರುವುಗಳಲ್ಲಿ ಹೊತ್ತು ಹೋಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಅದಕ್ಕೆ ತಕ್ಕಂತೆ ಬಾಡಿಗೆಯೂ ಹೆಚ್ಚು.

ಹನ್ನೆರಡು ಲಾರಿ ಇಟ್ಟುಕೊಂಡ ಒಂದು ಟ್ರಾನ್ಸ್‌ಪೋರ್ಟ್ ಆಫೀಸನ್ನು ಊಹಿಸಿಕೊಳ್ಳೋಣ. ವಾರ ಶುರುವಾಗುವ ಮುನ್ನ ಯಾವ ದಾರಿಗೆ ಎಷ್ಟು ಗಾಡಿ ಎಂದು ಅಲ್ಲಿ ತೀರ್ಮಾನವಾಗಬೇಕು. ಬೆಂಗಳೂರಿನ ಒಂದು ಲಾರಿಯಿಂದ ಡೀಸೆಲ್, ಟೋಲ್, ಡ್ರೈವರ್ ಭತ್ಯೆ ಎಲ್ಲ ಕಳೆದು ವಾರಕ್ಕೆ ₹12,000 ಉಳಿಯುತ್ತದೆ. ಮಂಗಳೂರಿನ ಲಾರಿಯಿಂದ ₹18,000. ಈ ಎರಡು ಅಂಕಿ ಕಂಡ ಕೂಡಲೇ ಯಾರ ಬಾಯಲ್ಲೂ ಬರುವ ಮಾತು ಒಂದೇ: “ಹಂಗಾದ್ರ ಎಲ್ಲಾ ಗಾಡೀನೂ ಮಂಗಳೂರಿಗೇ ಹಾಕ್ರಿ.” ಸಹಜವಾದ ಮಾತು, ಆದರೆ ಲೆಕ್ಕ ಅದನ್ನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಒಂದು ಗ್ರಾಫ್ ಹಾಳೆ, ಒಂದು ಸ್ಕೇಲು ಇಟ್ಟುಕೊಂಡು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ದ್ವಿತೀಯ ಪಿಯುಸಿ ಗಣಿತದಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಹೆಸರಿನಲ್ಲಿ ಮಕ್ಕಳು ಕಲಿಯುವುದು ಇದನ್ನೇ.

ಅಡ್ಡ ಬರುವುದು ಡ್ರೈವರುಗಳ ಸಂಖ್ಯೆ. ಬೆಂಗಳೂರಿಗೆ ವಾರಕ್ಕೆ ಎರಡು ಸಲ ಹೋಗಿ ಬಂದರೆ ಒಟ್ಟು 1,640 ಕಿಲೋಮೀಟರ್. ಗಂಟೆಗೆ ಸರಾಸರಿ 40ರಂತೆ ಹಿಡಿದರೆ 41 ಗಂಟೆ ಸ್ಟೇರಿಂಗ್ ಹಿಡಿಯಬೇಕು. ಮಂಗಳೂರಿಗೆ ಎರಡು ಸಲ ಎಂದರೆ 1,460 ಕಿಲೋಮೀಟರ್. ಘಟ್ಟ, ಊರೊಳಗಿನ ದಟ್ಟಣೆ ಸೇರಿ ಸರಾಸರಿ ವೇಗ 30ಕ್ಕೆ ಇಳಿದರೆ 49 ಗಂಟೆ ಆಗಿಹೋಯಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿದ್ದ ಸಾಮಾನ್ಯ ಮಿತಿ ದಿನಕ್ಕೆ 8, ವಾರಕ್ಕೆ 48 ಗಂಟೆ. ಲೋಡು ಇಳಿಸುವ, ಕಾಯುವ ಹೊತ್ತನ್ನು ಇನ್ನೂ ಸೇರಿಸಿಲ್ಲ. ಕಾನೂನು ಬದಿಗಿರಲಿ, ರಾತ್ರಿ ಘಟ್ಟ ಇಳಿಯುವವನ ಕಣ್ಣು ಜೋಂಪು ಹತ್ತಬಾರದು. ಹಾಗಾಗಿ ಬೆಂಗಳೂರಿನ ಲಾರಿಗೆ ಒಬ್ಬ ಡ್ರೈವರ್ ಸಾಕು, ಮಂಗಳೂರಿನ ಲಾರಿಗೆ ಇಬ್ಬರು ಬೇಕು. ಆಫೀಸಿನಲ್ಲಿರುವ ಡ್ರೈವರುಗಳು 18 ಮಂದಿ. ದೂರಗಳನ್ನು ಬಿಟ್ಟರೆ ಲಾರಿ, ಡ್ರೈವರು, ಲಾಭದ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ತಮ್ಮ ಆಫೀಸಿನ ಅಂಕಿಗಳನ್ನು ಅಲ್ಲಿ ಕೂರಿಸಿಕೊಂಡರೂ ದಾರಿ ಇದೇ.

ಈಗ ಬೆಂಗಳೂರಿಗೆ ಬಿಡುವ ಲಾರಿಗಳನ್ನು x ಎಂದೂ ಮಂಗಳೂರಿಗೆ ಬಿಡುವವನ್ನು y ಎಂದೂ ಕರೆದರೆ ಮೇಲಿನ ಮಾತೆಲ್ಲ ನಾಲ್ಕು ಸಾಲಿಗೆ ಇಳಿಯುತ್ತದೆ.

```
ಲಾಭ:        P = 12x + 18y   (ಸಾವಿರ ರೂಪಾಯಿಗಳಲ್ಲಿ)
ಲಾರಿ:        x + y  ≤ 12
ಡ್ರೈವರ್:      x + 2y ≤ 18
             x ≥ 0, y ≥ 0
```

ಕೊನೆಯ ಸಾಲನ್ನು ಹಲವರು ಬರೆಯದೆ ಬಿಡುತ್ತಾರೆ. ಲಾರಿಗಳ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ ಎಂಬುದು ನಮಗೆ ಗೊತ್ತು, ಹಾಳೆಗೆ ಗೊತ್ತಿಲ್ಲ. ಆ ಸಾಲು ಇದ್ದರೇ ಚಿತ್ರ ಗ್ರಾಫಿನ ಬಲ ಮೇಲ್ಭಾಗದ ಕಾಲುಭಾಗದೊಳಗೆ ನಿಲ್ಲುತ್ತದೆ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಬೆಂಗಳೂರು, ಉದ್ದಕ್ಕೆ ಮಂಗಳೂರು. ಒಂದು ಲಾರಿಗೆ ಒಂದು ಸೆಂಟಿಮೀಟರ್. ಲಾರಿಯ ಗೆರೆ ಎಳೆಯಲು ಎರಡು ಚುಕ್ಕಿ ಸಾಕು: ಎಲ್ಲ ಲಾರಿ ಬೆಂಗಳೂರಿಗೆ ಹೋದರೆ (12, 0), ಎಲ್ಲವೂ ಮಂಗಳೂರಿಗೆ ಹೋದರೆ (0, 12). ಇವೆರಡನ್ನೂ ಸೇರಿಸಬೇಕು. ಡ್ರೈವರುಗಳ ಗೆರೆಗೂ ಹಾಗೆಯೇ (18, 0) ಮತ್ತು (0, 9). ಗೆರೆ ಎಳೆದ ಮೇಲೆ ಅದರ ಯಾವ ಬದಿ ನಮ್ಮದು ಎಂದು ತಿಳಿಯಬೇಕು. ಅದಕ್ಕೆ (0, 0) ಹಾಕಿ ನೋಡುವುದೇ ಸುಲಭ. ಸೊನ್ನೆ ಹನ್ನೆರಡಕ್ಕಿಂತ ಕಡಿಮೆ, ಹದಿನೆಂಟಕ್ಕಿಂತಲೂ ಕಡಿಮೆ. ಆದ್ದರಿಂದ ಎರಡೂ ಗೆರೆಗಳಲ್ಲಿ ಮೂಲಬಿಂದುವಿನ ಕಡೆಯ ಬದಿಯೇ ನಮ್ಮದು. ಎರಡಕ್ಕೂ ಒಪ್ಪುವ ಜಾಗಕ್ಕೆ ಪೆನ್ಸಿಲಿನಿಂದ ತೆಳುವಾಗಿ ಬಣ್ಣ ತುಂಬಿದರೆ ನಾಲ್ಕು ಬದಿಯ ಒಂದು ಆಕೃತಿ ಮೂಡುತ್ತದೆ. ಇದೇ ಸಾಧ್ಯ ಪ್ರದೇಶ. ಇದರೊಳಗಿನ ಹಂಚಿಕೆ ಯಾವುದೇ ಆಗಲಿ, ಇರುವ ಲಾರಿ, ಇರುವ ಡ್ರೈವರುಗಳಲ್ಲಿ ಮಾಡಬಹುದಾದದ್ದು. ಹೊರಗಿನದು ಆಗದ ಮಾತು.

ಇಲ್ಲಿ ಪರೀಕ್ಷೆಯಲ್ಲೂ ಆಫೀಸಿನಲ್ಲೂ ಆಗುವ ಒಂದು ತಪ್ಪನ್ನು ಹೇಳಲೇಬೇಕು. ಗೆರೆಗಳು ಅಕ್ಷಗಳನ್ನು ಮುಟ್ಟುವ ನಾಲ್ಕು ಚುಕ್ಕಿಗಳು ಕಣ್ಣ ಮುಂದೆಯೇ ಇರುತ್ತವೆ: (12, 0), (0, 12), (18, 0), (0, 9). ನಾಲ್ಕೂ ಮೂಲೆಗಳೇ ಎಂದು ಭಾವಿಸಿ ಲಾಭ ಹಾಕಿದರೆ (0, 12)ಕ್ಕೆ ₹2,16,000 ಬರುತ್ತದೆ, (18, 0)ಕ್ಕೂ ಅಷ್ಟೇ ಬರುತ್ತದೆ. ದೊಡ್ಡ ಅಂಕಿ ಕಂಡು ಮನಸ್ಸು ಅಲ್ಲಿಗೇ ಓಡುತ್ತದೆ. ಆದರೆ ಮೊದಲನೆಯದಕ್ಕೆ 24 ಡ್ರೈವರುಗಳು ಬೇಕು, ಎರಡನೆಯದಕ್ಕೆ 18 ಲಾರಿ. ಎರಡೂ ಬಣ್ಣ ತುಂಬಿದ ಜಾಗದ ಹೊರಗಿವೆ. ಒಂದು ಚುಕ್ಕಿಯನ್ನು ಮೂಲೆ ಎಂದು ಒಪ್ಪುವ ಮುನ್ನ ಅದನ್ನು ಒಂದೊಂದಾಗಿ ಎಲ್ಲ ಅಸಮತೆಗಳಲ್ಲೂ ಹಾಕಿ ನೋಡಿದರೆ ಈ ತಪ್ಪು ಆಗುವುದಿಲ್ಲ.

ನಿಜವಾದ ಮೂಲೆಗಳು ನಾಲ್ಕು. ಮೂರು ಅಕ್ಷಗಳ ಮೇಲೆಯೇ ಇವೆ: (0, 0), (12, 0), (0, 9). ನಾಲ್ಕನೆಯದು ಎರಡು ಗೆರೆಗಳು ಕೂಡುವ ಜಾಗ. ಅದನ್ನು ಚಿತ್ರ ನೋಡಿ ಅಂದಾಜಿನಲ್ಲಿ ಓದಬಾರದು. ಪೆನ್ಸಿಲಿನ ಮೊನೆ ದಪ್ಪವಾಗಿದ್ದರೂ ಉತ್ತರ ಜಾರುತ್ತದೆ. x + 2y = 18ರಿಂದ x + y = 12 ಕಳೆದರೆ y = 6; ಆಗ x ಕೂಡ 6. ಈಗ ಲಾಭ ಹಾಕಿದರೆ ಎಲ್ಲ ಗಾಡಿ ನಿಲ್ಲಿಸಿದಾಗ ಸೊನ್ನೆ, ಎಲ್ಲವೂ ಬೆಂಗಳೂರಿಗೆ ಹೋದಾಗ ₹1,44,000, ಡ್ರೈವರುಗಳು ತೀರುವವರೆಗೆ ಮಂಗಳೂರಿಗೆ ಬಿಟ್ಟಾಗ ₹1,62,000, ಆರಾರು ಹಂಚಿದಾಗ ₹1,80,000. ಮೊದಲು ಬಾಯಿಗೆ ಬಂದ ಆ ಸಲಹೆಯಂತೆ ನಡೆದಿದ್ದರೆ ಒಂಬತ್ತು ಲಾರಿ ಘಟ್ಟದ ದಾರಿ ಹಿಡಿದು, ಮೂರು ಲಾರಿ ಡ್ರೈವರಿಲ್ಲದೆ ಶೆಡ್ಡಿನಲ್ಲಿ ನಿಂತು, ವಾರಕ್ಕೆ ₹18,000 ಕೈಬಿಟ್ಟು ಹೋಗುತ್ತಿತ್ತು.

ಬಣ್ಣ ತುಂಬಿದ ಜಾಗದಲ್ಲಿ ಪೂರ್ಣಸಂಖ್ಯೆಯ ಹಂಚಿಕೆಗಳನ್ನು ಎಣಿಸಿದರೆ 79 ಸಿಗುತ್ತವೆ. ನಾಲ್ಕನ್ನು ಮಾತ್ರ ನೋಡಿ ಉಳಿದ 75ನ್ನು ಕೈಬಿಡಲು ಧೈರ್ಯ ಎಲ್ಲಿಂದ ಬಂತು? ಒಳಗೆಲ್ಲೋ ಒಂದು ಒಳ್ಳೆಯ ಹಂಚಿಕೆ ಅಡಗಿರಬಾರದೇ? ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲಿ.

₹1,08,000 ಲಾಭ ಕೊಡುವ ಹಂಚಿಕೆಗಳನ್ನು ಹುಡುಕೋಣ. ಬೆಂಗಳೂರಿಗೆ 9, ಮಂಗಳೂರಿಗೆ ಸೊನ್ನೆ. 6 ಮತ್ತು 2. 3 ಮತ್ತು 4. ಸೊನ್ನೆ ಮತ್ತು 6. ಹಾಳೆಯ ಮೇಲೆ ಗುರುತು ಹಾಕಿದರೆ ಎಲ್ಲವೂ ಒಂದೇ ನೇರ ಗೆರೆಯ ಮೇಲೆ ಬೀಳುತ್ತವೆ. ₹1,44,000ದ ಗೆರೆ (12, 0)ರಿಂದ (0, 8)ಕ್ಕೆ ಹೋಗುತ್ತದೆ; ಮೊದಲಿನದಕ್ಕೆ ಸಮಾಂತರ, ಮೂಲಬಿಂದುವಿನಿಂದ ಇನ್ನಷ್ಟು ದೂರ. ಲಾಭ ಹೆಚ್ಚಿದಂತೆಲ್ಲ ಗೆರೆ ಓರೆ ಬದಲಿಸದೆ ಹೊರಗೆ ಸರಿಯುತ್ತದೆ. ಸ್ಕೇಲನ್ನು ಆ ಓರೆಯಲ್ಲೇ ಹಾಳೆಯ ಮೇಲಿಟ್ಟು ಮೆಲ್ಲಗೆ ಹೊರಗೆ ತಳ್ಳುತ್ತ ಹೋದರೆ, ಬಣ್ಣದ ಜಾಗವನ್ನು ಅದು ಕೊನೆಯದಾಗಿ ಮುಟ್ಟಿ ಬಿಡುವುದು ಎಲ್ಲಿ? ಆಕೃತಿಯ ಹೊಟ್ಟೆಯಲ್ಲಂತೂ ಅಲ್ಲ, ಅಲ್ಲಿಂದ ಇನ್ನೂ ತಳ್ಳಲು ಜಾಗವಿರುತ್ತದೆ. ಅಂಚಿನ ನಡುವೆಯೂ ಅಲ್ಲ, ಸ್ಕೇಲು ಅಂಚಿಗೆ ಓರೆಯಾಗಿದ್ದರೆ ಅಂಚಿನುದ್ದಕ್ಕೂ ಒಂದು ಕಡೆಗೆ ಸರಿದು ಇನ್ನೂ ಹೊರಗೆ ಹೋಗಬಹುದು. ಕೊನೆಗೆ ಉಳಿಯುವುದು ಮೂಲೆ. ಈ ಲೆಕ್ಕದಲ್ಲಿ (6, 6).

ಹೀಗಾಗಲು ಕಾರಣ, ಆಕೃತಿಯಲ್ಲಿ ಒಳಕ್ಕೆ ತಗ್ಗಿದ ಭಾಗವೇ ಇಲ್ಲ. ಪ್ರತಿಯೊಂದು ನಿರ್ಬಂಧವೂ ಹಾಳೆಯನ್ನು ನೇರವಾಗಿ ಕತ್ತರಿಸಿ ಒಂದು ಬದಿಯನ್ನು ತೆಗೆದುಹಾಕುತ್ತದೆ. ನೇರ ಕತ್ತರಿಯಿಂದ ಎಷ್ಟು ಸಲ ಕತ್ತರಿಸಿದರೂ ಉಳಿದ ತುಂಡಿನಲ್ಲಿ ತಗ್ಗು ಬರುವುದಿಲ್ಲ. ಸ್ಕೇಲಿನ ಓರೆ ಒಂದು ಅಂಚಿಗೆ ಸರಿಯಾಗಿ ಸಮಾಂತರವಾದರೆ ಮಾತ್ರ ಆ ಇಡೀ ಅಂಚೇ ಉತ್ತರವಾಗುತ್ತದೆ. ಆಗಲೂ ಅದರ ಎರಡು ತುದಿಯ ಮೂಲೆಗಳು ಉತ್ತರದೊಳಗೇ ಇರುತ್ತವೆ, ಮೂಲೆ ನೋಡಿದವರಿಗೆ ನಷ್ಟವಿಲ್ಲ.

ಮೂಲೆಯಿಂದ ಮೂಲೆಗೆ ಹೋಗುವ ಈ ಉಪಾಯವನ್ನೇ ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನವಾಗಿ ಬೆಳೆಸಿದರು. ಆಗ ಅವರು ವಾಯುಪಡೆಯ ಯೋಜನೆಗಳ ಲೆಕ್ಕದಲ್ಲಿ ತೊಡಗಿದ್ದರು. ಅದಕ್ಕೂ ಮೊದಲು, 1939ರಲ್ಲಿ, ಸೋವಿಯತ್ ದೇಶದ ಲಿಯೊನಿಡ್ ಕಾಂಟೊರೊವಿಚ್ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆಯಿಂದ ಹೊರಟು ಇದೇ ಬಗೆಯ ಗಣಿತ ಬರೆದಿದ್ದರು; 1975ರ ಅರ್ಥಶಾಸ್ತ್ರದ ನೊಬೆಲ್ ಅವರಿಗೂ ತ್ಯಾಲಿಂಗ್ ಕೂಪ್‌ಮನ್ಸ್ ಅವರಿಗೂ ಸೇರಿ ಬಂತು. ದಾರಿ ಎರಡಿದ್ದಾಗ ಹಾಳೆ ಸಾಕು. ಇಪ್ಪತ್ತು ದಾರಿಗಳಾದರೆ ಚಿತ್ರ ಬರೆಯಲಾಗದು, ಆದರೆ ಮೂಲೆಗಳು ಆಗಲೂ ಇರುತ್ತವೆ. ಕಂಪ್ಯೂಟರ್ ಒಂದು ಮೂಲೆಯಿಂದ ಅದಕ್ಕಿಂತ ಮೇಲಾದ ಪಕ್ಕದ ಮೂಲೆಗೆ ನಡೆಯುತ್ತದೆ.

ಹುಬ್ಬಳ್ಳಿಗೆ ಮರಳೋಣ. ಆರಾರು ಎಂಬ ಹಂಚಿಕೆ ಎಷ್ಟು ಗಟ್ಟಿ? ಬಾಡಿಗೆ ವಾರವಾರವೂ ಏರಿಳಿಯುತ್ತದೆ. ಬೆಂಗಳೂರಿನ ಲಾಭ ₹12,000ದಲ್ಲೇ ಇದ್ದು ಮಂಗಳೂರಿನದು ₹18,000ದಿಂದ ₹20,000ಕ್ಕೆ ಏರಿದರೆ ಅಥವಾ ₹15,000ಕ್ಕೆ ಇಳಿದರೆ ಒಟ್ಟು ಮೊತ್ತ ಬದಲಾಗುತ್ತದೆ, ಹಂಚಿಕೆ ಬದಲಾಗುವುದಿಲ್ಲ. ಸ್ಕೇಲಿನ ಓರೆ ತುಸು ತಿರುಗಿದರೂ ಕೊನೆಗೆ ಮುಟ್ಟುವುದು ಅದೇ ಮೂಲೆಯನ್ನು. ಮಂಗಳೂರಿನ ಲಾಭ ₹24,000 ದಾಟಿದಾಗ, ಅಂದರೆ ಬೆಂಗಳೂರಿನದರ ಎರಡರಷ್ಟನ್ನು ಮೀರಿದಾಗ, ಮೂರು ಲಾರಿ ನಿಲ್ಲಿಸಿಯಾದರೂ ಒಂಬತ್ತನ್ನು ಅತ್ತ ಕಳಿಸುವುದು ಮೇಲು. ₹12,000ಕ್ಕಿಂತ ಕೆಳಗಿಳಿದರೆ ಎಲ್ಲವೂ ಬೆಂಗಳೂರಿಗೆ. ಈ ಎರಡು ಗಡಿಗಳ ನಡುವೆ ದಿನಾ ಲೆಕ್ಕ ತಿದ್ದುತ್ತ ಕೂರುವ ಅಗತ್ಯವಿಲ್ಲ ಎಂದು ತಿಳಿಯುವುದು ಆಫೀಸಿಗೆ ದೊಡ್ಡ ನೆಮ್ಮದಿ.

ಆದರೆ ದಾರಿಯೇ ಇಲ್ಲವಾದರೆ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಜೀವಗಳು ಹೋದವು, ಲಾರಿಯೊಂದು ಗಂಗಾವಳಿ ನದಿಯ ಪಾಲಾಯಿತು, ಹಲವು ದಿನ ಸಂಚಾರ ನಿಂತಿತು. ಅದು ಅಂಕೋಲಾ ಮತ್ತು ಕುಮಟಾ ನಡುವಿನ ಜಾಗ, ಈ ಲೆಕ್ಕದ ದಾರಿಯ ಮೇಲೆಯೇ ಇದೆ. ಅಂಥ ವಾರದಲ್ಲಿ y = 0 ಎಂಬ ನಿರ್ಬಂಧ ಸೇರಿಕೊಂಡು ಇಡೀ ಪ್ರದೇಶ ಅಡ್ಡ ಅಕ್ಷದ ಮೇಲಿನ ಒಂದು ತುಂಡು ಗೆರೆಯಾಗುತ್ತದೆ. ಉಳಿಯುವುದು (12, 0), ₹1,44,000. ಘಟ್ಟದ ದಾರಿಯನ್ನು ನಂಬಿದವರು ಮಳೆಗಾಲಕ್ಕೆ ಬೇರೆಯದೇ ಹಾಳೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇದೇ ಚಿತ್ರ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ, ಅದು ಮಾಲೀಕರಿಗೆ ಹಂಚಿಕೆಗಿಂತ ಹೆಚ್ಚು ಉಪಯೋಗದ್ದು: ಇನ್ನೊಬ್ಬ ಡ್ರೈವರನನ್ನು ಇಟ್ಟುಕೊಂಡರೆ ಎಷ್ಟು ಲಾಭ? 19 ಮಂದಿ ಇದ್ದರೆ ಮೂಲೆ (5, 7)ಕ್ಕೆ ಸರಿಯುತ್ತದೆ, ಲಾಭ ₹1,86,000. ಹೆಚ್ಚಿದ್ದು ₹6,000. ಕಾರಣವೂ ಸರಳ. ಹೊಸಬ ಬಂದರೆ ಬೆಂಗಳೂರಿನ ಒಂದು ಲಾರಿಗೆ ಎರಡನೆಯ ಡ್ರೈವರ್ ಸಿಕ್ಕಿ ಅದು ಮಂಗಳೂರಿನ ಕಡೆ ತಿರುಗುತ್ತದೆ, 12 ಹೋಗಿ 18 ಬರುತ್ತದೆ. ಭತ್ಯೆ ಆಗಲೇ ಕಳೆದಿರುವುದರಿಂದ, ಅವನ ವಾರದ ಖಾಯಂ ಸಂಬಳ ₹6,000ಕ್ಕಿಂತ ಕಡಿಮೆ ಇದ್ದರೆ ಇಟ್ಟುಕೊಳ್ಳಬಹುದು, ಹೆಚ್ಚಿದ್ದರೆ ಬೇಡ.

ಡ್ರೈವರುಗಳನ್ನು ಹೆಚ್ಚಿಸದೆ ಹದಿಮೂರನೆಯ ಲಾರಿ ಕೊಂಡರೆ? ಮೂಲೆ (8, 5), ಲಾಭ ಮತ್ತೆ ₹1,86,000. ಮಂಗಳೂರಿನ ಒಂದು ಲಾರಿಯನ್ನು ಹಿಂದಕ್ಕೆ ಕರೆದು, ಅದರ ಇಬ್ಬರು ಡ್ರೈವರುಗಳಿಗೆ ಬೆಂಗಳೂರಿನ ಎರಡು ಲಾರಿ ಕೊಟ್ಟಂತೆ. ಲಾರಿಯ ಕಂತು, ವಿಮೆ, ಟೈರು ಸೇರಿ ವಾರಕ್ಕೆ ₹6,000ದೊಳಗೆ ನಿಲ್ಲುತ್ತದೆಯೇ ಎಂದು ನೋಡಿದರೆ ಕೊಳ್ಳುವ ಮಾತು ಅಲ್ಲೇ ತೀರುತ್ತದೆ. ಈ ಬೆಲೆಗೂ ಮಿತಿ ಇದೆ. ಲಾರಿ ಹನ್ನೆರಡೇ ಇರುವಾಗ 24ನೆಯ ಡ್ರೈವರ್ ಬಂದರೆ ಎಲ್ಲ ಲಾರಿಯೂ ಮಂಗಳೂರಿಗೆ ಹೋಗಿರುತ್ತದೆ. 25ನೆಯವನಿಗೆ ಗಾಡಿಯೇ ಇಲ್ಲ, ಅವನಿಂದ ಬರುವ ಲಾಭ ಸೊನ್ನೆ.

ಇಲ್ಲಿಯವರೆಗೆ ಮೂಲೆ ಪೂರ್ಣಸಂಖ್ಯೆಯಲ್ಲೇ ಸಿಕ್ಕಿತು. ಯಾವಾಗಲೂ ಹಾಗಾಗುವುದಿಲ್ಲ. ಬಂಕಿನವರು ವಾರಕ್ಕೆ 5,200 ಲೀಟರಿಗಿಂತ ಹೆಚ್ಚು ಡೀಸೆಲ್ ಉದ್ರಿ ಕೊಡುವುದಿಲ್ಲ ಎಂದಿಟ್ಟುಕೊಳ್ಳೋಣ. ಬೆಂಗಳೂರಿನ ಲಾರಿಗೆ ವಾರಕ್ಕೆ ಸುಮಾರು 400 ಲೀಟರ್, ಲೀಟರಿಗೆ ಮೂರು ಕಿಲೋಮೀಟರ್ ಓಡುವ ಮಂಗಳೂರಿನ ಲಾರಿಗೆ ಸುಮಾರು 500. ಆರಾರು ಹಂಚಿದರೆ 5,400 ಲೀಟರ್ ಬೇಕು, 200 ಕಡಿಮೆ ಬೀಳುತ್ತದೆ. ನೂರರಿಂದ ಭಾಗಿಸಿ 4x + 5y ≤ 52 ಎಂಬ ಮೂರನೆಯ ಗೆರೆ ಎಳೆದರೆ ಅದು (6, 6)ರ ಮೂಲೆಯನ್ನು ಕತ್ತರಿಸಿ ಹಾಕುತ್ತದೆ, ಅದರ ಬದಲು ಎರಡು ಹೊಸ ಮೂಲೆಗಳು ಹುಟ್ಟುತ್ತವೆ. ಲಾರಿಯ ಗೆರೆಯೊಂದಿಗೆ ಕೂಡುವ (8, 4)ರಲ್ಲಿ ಲಾಭ ₹1,68,000. ಡ್ರೈವರುಗಳ ಗೆರೆಯೊಂದಿಗೆ ಕೂಡುವಲ್ಲಿ x = 14/3, y = 20/3, ಲಾಭ ₹1,76,000. ಎರಡನೆಯದೇ ಮೇಲು, ಆದರೆ ನಾಲ್ಕೂ ಮುಕ್ಕಾಲಿನ ಹತ್ತಿರದ ಲಾರಿಯನ್ನು ರಸ್ತೆಗೆ ಬಿಡುವುದು ಹೇಗೆ?

ಹತ್ತಿರದ ಪೂರ್ಣಸಂಖ್ಯೆಗೆ ಸರಿಪಡಿಸಿದರೆ (5, 7). ಅದಕ್ಕೆ ಡ್ರೈವರುಗಳು 19, ಡೀಸೆಲ್ 5,500 ಲೀಟರ್. ಎರಡೂ ಮಿತಿ ಮೀರಿದವು. ಎರಡನ್ನೂ ಕೆಳಕ್ಕೆ ಇಳಿಸಿ (4, 6) ಮಾಡಿದರೆ ಲಾಭ ₹1,56,000ಕ್ಕೆ ಬಿದ್ದುಬಿಡುತ್ತದೆ. ಸುತ್ತಲಿನ ಚುಕ್ಕಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ (4, 7) ಸಿಗುತ್ತದೆ: ಡ್ರೈವರುಗಳು ಸರಿಯಾಗಿ 18, ಡೀಸೆಲ್ 5,100, ಲಾಭ ₹1,74,000. ಇದಕ್ಕಿಂತ ಮೇಲಿನದು ಇಲ್ಲವೆಂದು ಹೇಳಲು ಒಂದು ಚೊಕ್ಕ ದಾರಿಯಿದೆ. ಪೂರ್ಣ ಲಾರಿಗಳನ್ನೇ ಕಳಿಸಿದರೆ ಲಾಭ ಯಾವಾಗಲೂ ಆರು ಸಾವಿರದ ಗುಣಕವಾಗಿರುತ್ತದೆ, ಏಕೆಂದರೆ 12 ಮತ್ತು 18 ಎರಡೂ ಆರರ ಗುಣಕಗಳು. ಮೂಲೆಯ ಲೆಕ್ಕದಂತೆ ₹1,76,000ವನ್ನು ಯಾವ ಹಂಚಿಕೆಯೂ ಮೀರದು. ಅದರೊಳಗಿನ ಅತಿ ದೊಡ್ಡ ಗುಣಕ 1,74,000. ಮುಗಿಯಿತು. ಈ ಹಂಚಿಕೆಯಲ್ಲಿ ಹನ್ನೊಂದು ಲಾರಿ ಓಡುತ್ತವೆ, ಒಂದು ನಿಲ್ಲುತ್ತದೆ. ನಿಂತ ಗಾಡಿ ಕಂಡರೆ ಮಾಲೀಕರಿಗೆ ಹೊಟ್ಟೆ ಉರಿಯುವುದು ಸಹಜ, ಆದರೆ ಅದನ್ನೂ ಓಡಿಸಲೇಬೇಕೆಂದು ಹನ್ನೆರಡನ್ನೂ ಹೊರಡಿಸಿದರೆ ಸಿಗುವ ಅತಿ ಹೆಚ್ಚು ಲಾಭ (8, 4)ರ ₹1,68,000 ಮಾತ್ರ.

ಬಣ್ಣ ತುಂಬಲು ಜಾಗವೇ ಉಳಿಯದ ಸಂದರ್ಭವೂ ಉಂಟು. ಮಂಗಳೂರಿನ ವ್ಯಾಪಾರಿಯೊಬ್ಬರು ವಾರಕ್ಕೆ ಕನಿಷ್ಠ ಹತ್ತು ಲಾರಿ ಬೇಕೆಂದು ಕರಾರು ಕೇಳಿದರೆ 20 ಡ್ರೈವರುಗಳು ಬೇಕು, ಇರುವುದು 18. ಆಗ ಗೆರೆಗಳ ನಡುವೆ ಎಲ್ಲಕ್ಕೂ ಒಪ್ಪುವ ಒಂದು ಚುಕ್ಕಿಯೂ ಸಿಗದು. ಕರಾರಿಗೆ ಸಹಿ ಹಾಕುವ ಮುನ್ನವೇ ಹಾಳೆ ಅದನ್ನು ತೋರಿಸುತ್ತದೆ.

ಕೊನೆಯದಾಗಿ ನೋಡಬೇಕಾದದ್ದು ಲಾಭದ ಸೂತ್ರವನ್ನೇ. 18y ಎಂದು ಬರೆದಾಗ ಮೊದಲ ಲಾರಿಗೂ ಆರನೆಯ ಲಾರಿಗೂ ಒಂದೇ ಲಾಭ ಎಂದು ಒಪ್ಪಿಕೊಂಡಂತಾಯಿತು. ರಿಟರ್ನ್ ಲೋಡು ಈ ನಂಬಿಕೆಯನ್ನು ಮುರಿಯುತ್ತದೆ. ಮಂಗಳೂರಿನಿಂದ ವಾಪಸ್ ಬರುವಾಗ ಐದು ಲಾರಿಗೆ ಮಾತ್ರ ಲೋಡು ಸಿಕ್ಕಿ, ಆರನೆಯದರಿಂದ ಮುಂದೆ ಖಾಲಿ ಬರಬೇಕಾಗಿ ಲಾಭ ₹10,000ಕ್ಕೆ ಇಳಿಯುವುದಾದರೆ, (6, 6)ರಲ್ಲಿ ಸಿಗುವುದು ₹1,72,000. (7, 5)ರಲ್ಲಿ ₹1,74,000. ಈ (7, 5) ಬಣ್ಣದ ಆಕೃತಿಯ ಮೂಲೆಯಲ್ಲ, ಲಾರಿಯ ಗೆರೆಯ ನಡುವೆ ಇರುವ ಚುಕ್ಕಿ; ಮೂಲೆಗಳನ್ನು ಮಾತ್ರ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಲಾಭದ ಗೆರೆಯೇ y = 5ರ ಬಳಿ ಬಾಗಿರುವುದರಿಂದ ಹೀಗಾಗುತ್ತದೆ. ಸರಿಪಡಿಸಲು y = 5 ಎಂಬ ಅಡ್ಡಗೆರೆಯನ್ನೂ ಎಳೆದು, ಅದು ಆಕೃತಿಯ ಅಂಚನ್ನು ಕೂಡುವ ಚುಕ್ಕಿಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಗೆರೆ ಬಾಗಿದೆಯೇ ಎಂದು ತಿಳಿಯಲು ಆಫೀಸಿನ ಟ್ರಿಪ್ ಶೀಟುಗಳೇ ಸಾಕು: ವಾರವಾರದ ಮಂಗಳೂರಿನ ಲಾಭವನ್ನು ಆ ವಾರ ಹೋದ ಲಾರಿಗಳ ಸಂಖ್ಯೆಯಿಂದ ಭಾಗಿಸಿ ಬರೆದುಕೊಂಡು ಹೋದರೆ, ಹೆಚ್ಚು ಲಾರಿ ಹೋದ ವಾರಗಳಲ್ಲಿ ಆ ಅಂಕಿ ಇಳಿಯುತ್ತದೆಯೇ, ಎಷ್ಟನೆಯ ಲಾರಿಯಿಂದ ಇಳಿಯುತ್ತದೆ ಎಂಬುದು ಅಲ್ಲೇ ಕಾಣುತ್ತದೆ.